ನಲ್ಲಿ ತಿರುಗಿಸದೆ ಬಂದ ನೀರು

ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಕುಡಿಯುವ ನೀರಿನ ಮೆಷಿನ್ನಿನ ಕೆಳಗೆ ನೆಲ ಮತ್ತೆ ಒದ್ದೆಯಾಗಿತ್ತು. ಮಂಡಿ ನೋವಿನವರು, ಸೊಂಟ ಹಿಡಿದವರು ಕೋಲೂರಿಕೊಂಡು ಓಡಾಡುವ ಜಾಗ ಅದು. ಅಲ್ಲಿ ಒಂದು ಲೋಟ ನೀರು ಚೆಲ್ಲಿದರೂ ಯಾರದೋ ಮೂಳೆಗೆ ಕುತ್ತು. ನೆಲ, ಚಾದರ, ನೀರು ಎಲ್ಲ ನೋಡಿಕೊಳ್ಳುತ್ತಿದ್ದ ಅಕ್ಕ ಬಟ್ಟೆ ಹಿಡಿದು ಕುಕ್ಕರುಗಾಲಲ್ಲಿ ಕೂತಳು. ಡಾಕ್ಟರಿಗೂ ಅವಳು ಅಕ್ಕನೇ, ರೋಗಿಗಳಿಗೂ ಅಕ್ಕನೇ.

"ಟ್ರೇ ಖಾಲಿ ಮಾಡೋದು ಮರೆತ್ರಾ ಅಕ್ಕ?" ರಿಸೆಪ್ಷನ್ ಹುಡುಗಿ ಕೂತಲ್ಲಿಂದಲೇ ಕೇಳಿದಳು.

"ಬಂದ ತಕ್ಷಣ ಮಾಡಿದೀನಿ."

ಅಂದಳೇನೋ ನಿಜ, ಆದರೆ ಮಾಡಿದ್ದು ಇವತ್ತೋ ನಿನ್ನೆಯೋ ಅನ್ನುವ ಅನುಮಾನ ಅವಳಿಗೇ ಬಂತು. ನಲ್ಲಿಗಳ ಕೆಳಗಿನ ಟ್ರೇ ಎಳೆದು ನೋಡಿದಳು. ಒಂದು ಹನಿಯಿಲ್ಲ. ನಲ್ಲಿಗಳೂ ತೊಟ್ಟಿಕ್ಕುತ್ತಿಲ್ಲ. ಹಾಗಾದರೆ ಈ ನೀರು ಎಲ್ಲಿಂದ ಬಂತು?

ಅವಳ ಅಮ್ಮ ಕೊನೆಯ ವರ್ಷಗಳಲ್ಲಿ ಒಲೆ ಹಚ್ಚಿ ಮರೆಯುತ್ತಿದ್ದಳು, ಉಂಡದ್ದು ಮರೆತು ಮತ್ತೆ ತಟ್ಟೆ ಇಡುತ್ತಿದ್ದಳು. ಶುರುವಾದದ್ದು ಐವತ್ತೈದಕ್ಕೆ. ಅಕ್ಕನಿಗೆ ಈಗ ಐವತ್ತಾರು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತ ಮದುವೆಯಲ್ಲಿ ನೆಂಟರು ಹೊಗಳಿದ್ದ ಮಾತು ಈಗ ನೆನಪಾದರೆ ಅವಳಿಗೆ ಭಯವಾಗುತ್ತಿತ್ತು. ಟ್ರೇ ಖಾಲಿ ಮಾಡಿದ್ದು ನಿಜವೆಂದು ಗೊತ್ತಾಗಬೇಕಿತ್ತು, ಅಷ್ಟೇ. ಕೆಲಸ ಹೋದರೂ ಇನ್ನೊಂದು ಸಿಕ್ಕೀತು, ತಲೆ ಹೋದರೆ?

ಹನ್ನೊಂದಕ್ಕೆ ಮೆಕ್ಯಾನಿಕ್ ಬಂದ. ಹೋದ ಸಲದವನಲ್ಲ, ಹೊಸಬ. ಹೋದ ಸಲದವನು ತಣ್ಣೀರಿನ ನಲ್ಲಿಯನ್ನೇ ಬದಲಿಸಿ ಹೋಗಿದ್ದ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದಾನೆ. ನಲ್ಲಿ ಚೆನ್ನಾಗೇ ಇತ್ತಲ್ಲ," ಅಂದ ಹೊಸಬ, ಕೆಳಗೆ ಒಂದು ಹಳೆ ಪೇಪರ್ ಹಾಸುತ್ತಾ.

"ನೀರು ತಣ್ಣಗೂ ಆಗ್ತಿಲ್ಲಪ್ಪ," ಅಂದಳು ಅಕ್ಕ.

ಅವನು ಹಿಂದೆ ಇಣುಕಿದ. ಮೆಷಿನ್ ಗೋಡೆಗೆ ಅಂಟಿಕೊಂಡಿತ್ತು. "ಹಿಂದಿನ ಕಾಯಿಲ್‌ಗೆ ಗಾಳಿ ಆಡಬೇಕು. ಹೀಗೆ ಒತ್ತಿಟ್ರೆ ಬಿಸಿ ಎಲ್ಲಿಗೆ ಹೋಗುತ್ತೆ? ಯಾರು ಒತ್ತಿದ್ದು?"

"ನಂಗೊತ್ತಿಲ್ಲ."

"ನೀವೇ ಅಲ್ವಾ ಅಕ್ಕ? ಸೋಮವಾರ ನೆಲ ಒರೆಸಿ ತಳ್ಳಿದ್ರಲ್ಲ," ಅಂದಳು ಹುಡುಗಿ.

ಇರಬಹುದು ಅಂದುಕೊಂಡಳು ಅಕ್ಕ. ಎಷ್ಟು ನೆನಪಿಸಿಕೊಂಡರೂ ಸೋಮವಾರ ಕಣ್ಣಿಗೆ ಕಟ್ಟಲಿಲ್ಲ.

ಮೆಕ್ಯಾನಿಕ್ ಮೆಷಿನ್ನನ್ನು ಗೇಣಷ್ಟು ಮುಂದಕ್ಕೆ ಎಳೆದ, ನೀರು ಹೊರಬಿಡುವ ಹಿಂಬದಿಯ ಬಿರಡೆ ಬಿಗಿ ಇದೆಯೇ ನೋಡಿದ, ಆಮೇಲೆ ಏನೂ ಮಾಡದೆ ಸ್ಟೂಲಿನ ಮೇಲೆ ಕೂತ. ಐದು ನಿಮಿಷ ಕಳೆಯಿತು. ಮೇಲೆ ಬೋರಲು ಕೂತಿದ್ದ ದೊಡ್ಡ ಬಾಟಲಿಯೊಳಗೆ ಗುಳುಕ್ ಎಂದಿತು.

"ಯಾರಾದ್ರೂ ನೀರು ಹಿಡಿದ್ರಾ?"

"ಇಲ್ಲ."

ಮತ್ತೆ ಗುಳುಕ್. ಅವನು ಬಾಟಲಿಯ ಭುಜದ ಹತ್ತಿರ ಟಾರ್ಚ್ ಬಿಟ್ಟ. ಕೂದಲೆಳೆಯಂಥ ಒಂದು ಬಿರುಕು. ಅಲ್ಲಿಂದ ಸಣ್ಣ ಗುಳ್ಳೆಗಳು ಸಾಲಾಗಿ ಮೇಲೇರುತ್ತಿದ್ದವು.

"ನೋಡಿ, ನಲ್ಲಿ ತಿರುಗಿಸಿದಾಗ ಮಾತ್ರ ಕೆಳಗಿಂದ ಗಾಳಿ ಒಳಗೆ ಹೋಗಿ ನೀರು ಇಳೀಬೇಕು. ಇಲ್ಲಿ ಬಿರುಕಿಂದ ಗಾಳಿ ಹೋಗ್ತಾನೇ ಇದೆ, ನೀರು ಇಳೀತಾನೇ ಇದೆ. ಒಳಗಿನ ತೊಟ್ಟಿ ತುಂಬಿ, ಅಂಚು ದಾಟಿ, ಮೆಷಿನ್ ಒಳಗಿಂದಲೇ ನೆಲಕ್ಕೆ. ಟ್ರೇಗೂ ಇದಕ್ಕೂ ಸಂಬಂಧನೇ ಇಲ್ಲ. ಬೇರೆ ಬಾಟಲಿ ಹಾಕಿದ್ರೆ ನಿಲ್ಲುತ್ತೆ."

ಅಕ್ಕನಿಗೆ ಹೋದ ಜೀವ ಬಂದಂತಾಯಿತು. "ಕೇಳಿಸಿಕೊಂಡ್ಯಾ?" ಅಂತ ಹುಡುಗಿಯ ಕಡೆ ತಿರುಗಿದಳು. "ಟ್ರೇ ಅಲ್ಲ. ನಾನು ಮರೆತಿರಲಿಲ್ಲ." ನಗು ತಡೆಯಲಾಗದೆ ಸೆರಗು ಬಾಯಿಗೆ ಹಿಡಿದಳು. ತಿಂಗಳಿಂದ ಎದೆ ಮೇಲೆ ಕೂತಿದ್ದ ಕಲ್ಲು ಇಳಿದಿತ್ತು.

ಮೆಕ್ಯಾನಿಕ್ ಬಾಟಲಿ ಎತ್ತಿ, ಥಟ್ಟನೆ ನೆಟ್ಟಗೆ ಮಾಡಿ ನೆಲಕ್ಕಿಟ್ಟ. "ಇದರ ಮೇಲೆ ಗುರುತು ಹಾಕಿ ವಾಪಸ್ ಕೊಡಿ. ಇಲ್ಲಾಂದ್ರೆ ನೀರಿನವರು ತೊಳೆದು, ತುಂಬಿಸಿ, ಮತ್ತೆ ನಿಮಗೇ ತಂದು ಹಾಕ್ತಾರೆ."

ಬಾಟಲಿ ತಂದು ಮೇಲೇರಿಸುವುದು ಯಾವಾಗಲೂ ನೀರಿನವನೇ, ಅಕ್ಕನ ಬೆನ್ನು ಆ ಭಾರ ತಡೆಯದು. ಅವಳು ಚಾದರಗಳಿಗೆ ಗುರುತು ಹಾಕುವ ನೀಲಿ ಮಾರ್ಕರ್ ತಂದು, ಮುಚ್ಚಳ ಬಿಚ್ಚಿ, ಉತ್ಸಾಹದಿಂದ ಬಾಟಲಿಯ ಮುಂದೆ ಕೂತಳು.

ಕುತ್ತಿಗೆಯ ಬುಡದಲ್ಲಿ, ಬೋರಲಾಗಿದ್ದಾಗ ಮೆಷಿನ್ನಿನ ಬಾಯಿಯೊಳಗೆ ಅಡಗಿದ್ದ ಜಾಗದಲ್ಲಿ, ನೀಲಿ ಅಕ್ಷರ ಇತ್ತು. ತೊಳೆದು ತೊಳೆದು ಮಾಸಿತ್ತು, ಆದರೂ ಓದಬಹುದಿತ್ತು. 'ಬಿರುಕು ಇದೆ, ಸೋರುತ್ತೆ, ತರಬೇಡಿ.' ಕೆಳಗೆ ಎರಡು ಗೆರೆ, ಗೆರೆಯ ತುದಿಗೆ ಒಂದು ಚುಕ್ಕಿ, ಪ್ರತಿ ಚಾದರದ ಮೂಲೆಯಲ್ಲೂ ಅವಳು ಎಳೆಯುವ ಹಾಗೆಯೇ. ಪಕ್ಕದಲ್ಲಿ ಹೋದ ತಿಂಗಳ ತಾರೀಖು.

ಅಕ್ಕ ಮತ್ತೊಮ್ಮೆ ಓದಿದಳು. ಅಕ್ಷರ ತನ್ನದೇ. ಬಿರುಕು ನೋಡಿದ್ದು, ಮಾರ್ಕರ್ ಹಿಡಿದದ್ದು, ಹೀಗೇ ನೆಲಕ್ಕೆ ಕೂತದ್ದು, ಒಂದೂ ನೆನಪಿಗೆ ಬರಲಿಲ್ಲ.

"ಗುರುತು ಹಾಕಿದ್ರಾ ಅಕ್ಕ?" ಹೊಸ ಬಾಟಲಿ ಏರಿಸುತ್ತಾ ಮೆಕ್ಯಾನಿಕ್ ಕೇಳಿದ.

ಅವಳು ಅಕ್ಷರದ ಮೇಲೆ ಅಂಗೈ ಮುಚ್ಚಿದಳು.

"ಹಾಕಿದೀನಪ್ಪ," ಅಂದಳು.