ಗುಂಪು ಕೂಡುವತನಕ

ಮಸ್ಕಿಯಿಂದ ಒಳಗೆ ಹೊರಳುವ ಕಚ್ಚಾ ರಸ್ತೆಯ ಕೊನೆಗೆ ಸೂಗಮ್ಮನ ಹೊಲ. ಜೀಪಿನಿಂದ ಇಳಿಯುವ ಮೊದಲೇ ಶಾಕೀರಾಳ ಮೂಗಿಗೆ ವಾಸನೆ ಬಡಿಯಿತು. ಅದೇನೆಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

ಸಿಂಧನೂರಿನ ಕಾಲುವೆ ಬದಿಯ ಸಂಶೋಧನಾ ಫಾರ್ಮಿನಲ್ಲಿ ಸಸ್ಯರೋಗದ ವಿಭಾಗವೆಂದರೆ ಶಾಕೀರಾ ಒಬ್ಬಳೇ. ಮುದಗಲ್ಲಿನ ಹುಡುಗಿ, ಧಾರವಾಡದಲ್ಲಿ ಓದಿ ಬಂದವಳು; ಈಗ ತಲೆಯಲ್ಲಿ ಅಲ್ಲಲ್ಲಿ ಬಿಳಿಕೂದಲು. ಫಾರ್ಮಿನ ಹಿರಿಯ ತಳಿ ವಿಜ್ಞಾನಿ ಅಮರಗುಂಡಪ್ಪನವರು ವರ್ಷಾನುಗಟ್ಟಲೆ ಕೂತು ಬೆಳೆಸಿದ ಈರುಳ್ಳಿಗೆ ಏಳನೇ ತಳಿ ಎಂದು ಹೆಸರು. ಅದು ಕೊಳೆರೋಗ ತಡೆಯುತ್ತದೆ ಎಂದು ಪರೀಕ್ಷೆ ಮಾಡಿ ಹೇಳಿದವಳು ಶಾಕೀರಾ. ಅವಳ ಮಾತಿನ ಮೇಲೆಯೇ ಬರುವ ಫೆಬ್ರವರಿಯಲ್ಲಿ ಲಿಂಗಸುಗೂರಿನ ಸಭೆಯಲ್ಲಿ ಆ ತಳಿಯನ್ನು ರೈತರಿಗೆ ಬಿಡುಗಡೆ ಮಾಡುವ ತೀರ್ಮಾನ ಆಗುವುದಿತ್ತು. ಮಾರ್ಚಿನಲ್ಲಿ ಅಮರಗುಂಡಪ್ಪನವರ ನಿವೃತ್ತಿ.

ಸೂಗಮ್ಮ ಚಪ್ಪರದ ಕೆಳಗೆ ನಿಂತಿದ್ದಳು. ಪ್ರಾಯೋಗಿಕವಾಗಿ ಕೊಟ್ಟ ಬೀಜದಿಂದ ಬಂದ ಬೆಳೆ ಸೊಂಟದೆತ್ತರ ರಾಶಿ ಬಿದ್ದಿತ್ತು.

"ಮ್ಯಾಲ ನೋಡ್ರಿ ಬಾಯಾರ, ಮದುವಿ ಹೆಣ್ಣಿನಂಗ ಅದಾವ," ಎಂದಳು. "ಕೆಳಗ ಕೈ ಹಾಕ್ರಿ, ಗೊತ್ತಾಕ್ಕತಿ."

ಶಾಕೀರಾ ಕೈ ಹಾಕಿದಳು. ಬೆರಳು ಬೆಣ್ಣೆಯೊಳಗೆ ಹೋದಂತೆ ಹೋಯಿತು.

"ನಿಮ್ಮ ಸಾಹೇಬರು ಕೊಳ್ಯಂಗಿಲ್ಲ ಅಂದಿದ್ರು. ಕೊಳೀಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಹೇಳಿ ಕೊಳೀಬೇಕಲ್ರಿ."

"ರಾಶಿ ಹರವಿ ಹಾಕವ್ವ. ಮೆತ್ತಗಾದವು ಬ್ಯಾರೆ ತಗಿ, ದೂರ ಒಯ್ದು ಹೂಳು. ಅದರ ನೀರು ಹತ್ತಿದ್ದನ್ನೂ ಇಟ್ಕೋಬ್ಯಾಡ."

"ಇಟ್ಕೊಂಡು ಏನ್ ಮಾಡ್ಲಿ, ಹೊಲಸಿಗೆ ಹಾರ ಹಾಕ್ಲಾ?" ಎನ್ನುತ್ತ ಸೂಗಮ್ಮ ಸೀರೆ ಸಿಕ್ಕಿಸಿ ರಾಶಿಗೆ ಇಳಿದಳು.

ಕೊಳೆತ ಗಡ್ಡೆಗಳನ್ನು ಕವರಿನಲ್ಲಿ ಕಟ್ಟಿಕೊಂಡು ಬಂದು ಶಾಕೀರಾ ಬ್ಯಾಕ್ಟೀರಿಯಾ ಬೇರ್ಪಡಿಸಿದಳು. ಹೊಸದೇನೂ ಇರಲಿಲ್ಲ. ಪ್ರತಿ ಪರೀಕ್ಷೆಯಲ್ಲೂ ಅವಳು ಬಳಸುತ್ತಿದ್ದ, ಕೊಳೆರೋಗ ತರುವ ಅದೇ ಎರ್ವಿನಿಯಾ. ಪ್ರಯೋಗಾಲಯದ ಟ್ರೇಯಲ್ಲಿ ಏಳನೇ ತಳಿಯನ್ನು ಮುಟ್ಟದ ಜೀವಿ ಸೂಗಮ್ಮನ ಚಪ್ಪರದಲ್ಲಿ ಅದನ್ನೇ ಗಂಜಿ ಮಾಡಿತ್ತು. ಇದನ್ನು ಯಾರಿಗೂ ಹೇಳದೆ ಅವಳು ಕೆಲವು ದಿನ ಓಡಾಡಿದಳು. ಆಮೇಲೆ ರಜೆ ಹಾಕಿ ಧಾರವಾಡದ ಬಸ್ಸು ಹತ್ತಿದಳು, ಅಲ್ಲಿನ ಲೈಬ್ರರಿಯಲ್ಲಿ ಹೊಸ ಜರ್ನಲುಗಳು ಬರುತ್ತವೆಂದು.

ಅಲ್ಲಿ ಕೂತು ಓದಿದ್ದು ಇಷ್ಟು. ಈ ಬ್ಯಾಕ್ಟೀರಿಯಾಗಳಲ್ಲಿ ಪ್ರತಿಯೊಂದೂ ಒಂದು ಸಣ್ಣ ರಾಸಾಯನಿಕ ಅಣುವನ್ನು ಮಾಡಿ ಹೊರಗೆ ಬಿಡುತ್ತಿರುತ್ತದೆ. ಇರುವವು ಕೆಲವೇ ಆದರೆ ಆ ಅಣು ಸುತ್ತಲಿನ ನೀರಿನಲ್ಲಿ ಚದುರಿಹೋಗುತ್ತದೆ, ಏನೂ ಆಗುವುದಿಲ್ಲ. ಸಂಖ್ಯೆ ಹೆಚ್ಚಿದಂತೆ ಅಣುವೂ ದಟ್ಟವಾಗುತ್ತದೆ. ಒಂದು ಮಟ್ಟ ದಾಟಿತೆಂದರೆ, ತಾವು ಸಾಕಷ್ಟಿದ್ದೇವೆ ಎಂಬಂತೆ ಅವುಗಳ ಜೀನುಗಳ ನಡೆಯೇ ಬದಲಾಗಿ, ಗಿಡದ ಜೀವಕೋಶಗಳ ಗೋಡೆ ಕರಗಿಸುವ ಕಿಣ್ವಗಳನ್ನು ಎಲ್ಲವೂ ಹೆಚ್ಚುಕಮ್ಮಿ ಒಟ್ಟಿಗೆ ಸುರಿಯುತ್ತವೆ. ನಾಲ್ಕೇ ಇದ್ದಾಗ ಕೈಮಾಡಿದರೆ ಗಿಡಕ್ಕೆ ಸುಳಿವು ಸಿಕ್ಕು ಅದು ತನ್ನ ರಕ್ಷಣೆಗೆ ಏಳುತ್ತದೆ. ಅದಕ್ಕೇ ಈ ಸುಮ್ಮನಿರುವಿಕೆ ಎಂದು ಬರೆದವರ ಊಹೆ. ಇದಕ್ಕೆ ಅವರು ಕೋರಂ ಎಂಬ ಪದ ಬಳಸಿದ್ದರು, ಸಭೆ ನಡೆಯಲು ಇಷ್ಟು ಜನ ಕೂಡಲೇಬೇಕು ಎನ್ನುವ ಅದೇ ಕೋರಂ.

ಶಾಕೀರಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ತನ್ನ ಕೈಗಳು ಮಾಡಿದ್ದು ಅವಳಿಗೆ ಕಾಣಿಸಿತು.

ಬ್ಯಾಕ್ಟೀರಿಯಾ ಬೆಳೆದ ಸಾರನ್ನು ಯಂತ್ರದಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಚೆಲ್ಲಿ, ಕೆಳಗುಳಿದ ಜೀವಿಗಳನ್ನು ಶುದ್ಧ ನೀರಿನಲ್ಲಿ ಎರಡು ಸಲ ತೊಳೆದು, ತೆಳ್ಳಗೆ ಮಾಡಿ ಗಡ್ಡೆಯ ಗಾಯಕ್ಕೆ ಒಂದು ಹನಿ ಬಿಡುವುದು ಅವಳ ಪದ್ಧತಿ. ಹಳೆಯ ಸಾರು ಸೇರಿದರೆ ಫಲಿತಾಂಶ ಕಲಬೆರಕೆ ಆಗುತ್ತದೆ ಎಂದು ಗುರುಗಳು ಕಲಿಸಿದ್ದರು. ಬೇರೆಯವರು ಒಮ್ಮೆ ತೊಳೆದರೆ ಇವಳು ಎರಡು ಸಲ. ಆ ಶುಚಿತ್ವದ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು. ಅವು ಒಂದಕ್ಕೊಂದು ಬಿಟ್ಟ ಸೂಚನೆಯನ್ನೆಲ್ಲ ಪ್ರತಿ ಸಲವೂ ಬಚ್ಚಲಿಗೆ ಚೆಲ್ಲಿ, ಉಳಿದ ಕೆಲವನ್ನು ಗಡ್ಡೆಯ ಮೇಲೆ ಬಿಟ್ಟು, ಮೂರನೇ ದಿನ ನೋಡಿ, ಏನೂ ಆಗಿಲ್ಲ ಎಂದು ಬರೆದಿದ್ದಳು.

ಹಾಗಿದ್ದರೆ ಬೇರೆ ತಳಿಗಳು ಅದೇ ಪರೀಕ್ಷೆಯಲ್ಲಿ ಏಕೆ ಕೊಳೆತವು? ಅದಕ್ಕೂ ಉತ್ತರ ತಡವಾಗಿ ಹೊಳೆಯಿತು. ಏಳನೇ ತಳಿಯ ತಿರುಳಲ್ಲಿ ನೀರು ಕಡಿಮೆ. ಅದರಲ್ಲಿ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುತ್ತಿರಬೇಕು. ಮೂರು ದಿನದಲ್ಲಿ ಗುಂಪು ಕೂಡುವುದಿಲ್ಲ. ಆಮೇಲೆ ಕೂಡಿದರೆ ನೋಡುವವರು ಯಾರು? ಟ್ರೇಗಳನ್ನು ಅಷ್ಟರಲ್ಲಿ ತೊಳೆದಿಟ್ಟಾಗಿರುತ್ತಿತ್ತು.

ತಿರುಗಿ ಬಂದು ಮತ್ತೆ ಪರೀಕ್ಷೆ ಹೂಡಿದಳು. ಏಳನೇ ತಳಿಯ ಗಡ್ಡೆಗಳ ಒಂದು ಟ್ರೇಗೆ ಎಂದಿನಂತೆ ತೊಳೆದ ತೆಳು ಹನಿ. ಇನ್ನೊಂದಕ್ಕೆ ಅದೇ ಹನಿ, ಜೊತೆಗೆ ಚೆಲ್ಲುತ್ತಿದ್ದ ಆ ತಿಳಿಯಿಂದ ದ್ರಾವಕದಲ್ಲಿ ಎಳೆದು ಒಣಗಿಸಿದ ಸಾರ; ಈ ಎಳೆತದಲ್ಲಿ ಕಿಣ್ವಗಳು ಬರುವುದಿಲ್ಲ, ಸೂಚನೆಯ ಅಣು ಬರುತ್ತದೆ. ಮೂರನೆಯದಕ್ಕೆ ಬ್ಯಾಕ್ಟೀರಿಯಾ ಇಲ್ಲದ ಬರೀ ಸಾರ. ನಾಲ್ಕನೆಯದಕ್ಕೆ ತೊಳೆಯದ ದಟ್ಟ ಬ್ಯಾಕ್ಟೀರಿಯಾ.

ನಾಲ್ಕನೆಯ ಟ್ರೇ ಮರುದಿನವೇ ನಾರಿತು. ಎರಡನೆಯದು ಅದರ ಹಿಂದೆ. ಬರೀ ಸಾರ ಹಾಕಿದ್ದು ಒಣಗಿಯೇ ಇತ್ತು. ಮೊದಲನೆಯದೂ ಮೂರನೇ ದಿನ ಗಟ್ಟಿಯಾಗಿತ್ತು, ಅವಳ ಹಳೆಯ ಫಲಿತಾಂಶಗಳಂತೆಯೇ. ಈ ಸಲ ಅದನ್ನು ತೊಳೆಯದೆ ಇಟ್ಟಳು. ವಾರ ಕಳೆಯುವಷ್ಟರಲ್ಲಿ ಅದೂ ಮೆತ್ತಗಾಯಿತು. ಎಲ್ಲವನ್ನೂ ಇನ್ನೊಮ್ಮೆ ಮಾಡಿದಳು. ಬೇರೆ ಉತ್ತರ ಬರಲಿಲ್ಲ.

ಅಮರಗುಂಡಪ್ಪನವರು ಏಳನೇ ತಳಿಯ ಬೀಜದ ಮಡಿಯಲ್ಲಿದ್ದರು. ಈರುಳ್ಳಿ ಹೂವು ಬಿಳಿ ಚೆಂಡುಗಳಾಗಿ ನಿಂತಿತ್ತು. ಅವರು ಬದುವಿನ ಮೇಲೆ ಕೂತು ಕೇಳಿದರು. ಶಾಕೀರಾ ನಿಂತೇ ಹೇಳಿದಳು. ಹೇಳುವಾಗ ದನಿ ಏರಲಿಲ್ಲ, ಇಳಿಯಲಿಲ್ಲ. ಅಷ್ಟು ಸಲ ಒಳಗೇ ಹೇಳಿಕೊಂಡು ಮಾತು ಸವೆದಿತ್ತು.

"ಅಂದ್ರ ಆ ಹುಳಗೋಳು ಪಂಚಾಯ್ತಿ ಮಾಡ್ತಾವ," ಎಂದರು ಅವರು.

"ಮಾತಾಡಂಗಿಲ್ರೀ ಸರ್. ಮಂದಿ ಎಷ್ಟು ಕೂಡೇತಿ ಅಂತ ಅವಕ್ಕ ತಿಳೀತದ, ಅಷ್ಟ."

"ನಮ್ಮ ಪಂಚಾಯ್ತಿಗಿಂತ ಬೇಶ್ ಆತಲ್ಲ. ಅಲ್ಲಿ ಬರೀ ಮಾತಾಡ್ತಾರ." ನಗಲು ನೋಡಿದರು, ಆಗಲಿಲ್ಲ. ಆಮೇಲೆ ಕೇಳಿದರು, "ತಡಾ ಆಗ್ತದ ಅಂದಿ. ಉಳಿದ ತಳಿಗಿಂತ ತಡಾ?"

"ಹೌದ್ರಿ."

"ಹಂಗಾರ ಸಭಾದಾಗ ಹಂಗ ಹೇಳು. ಏಳನೇ ತಳಿ ನಿಧಾನ ಕೊಳೀತದ. ಅದು ಖೊಟ್ಟಿ ಮಾತಲ್ಲಲಾ?"

ಸುಳ್ಳಲ್ಲ. ಶಾಕೀರಾಳಿಗೆ ಆ ವಾಕ್ಯ ಬಹಳ ಹಿತವಾಗಿ ಕೇಳಿಸಿತು. ಅದನ್ನು ಹೇಳಿ ಕೂತುಬಿಟ್ಟರೆ ಈ ಮನುಷ್ಯ ಹೂಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಾನೆ, ತಾನೂ ಮಲಗಬಹುದು. ಪರೀಕ್ಷೆ ತಪ್ಪಿದ್ದು ತನ್ನದು. ಬೆಲೆ ತೆರುವವರು ಇವರು.

"ಒಂದೊಂದ ಗಡ್ಡಿ ಬ್ಯಾರೆ ಬ್ಯಾರೆ ಇಟ್ರ ನಿಧಾನ ರೀ ಸರ್," ಎಂದಳು ಕಡೆಗೆ. "ರಾಶಿಯೊಳಗ ಒಂದು ಕೊಳೀತಂದ್ರ ಅದರ ನೀರು ಕೆಳಗಿನದರ ಮ್ಯಾಲ ಸೋರ್ತದ. ಆ ನೀರಾಗ ಗುಂಪು ಆಗಲೇ ಕೂಡಿರ್ತದ. ಸೂಚನಾನೂ ಇರ್ತದ, ಕರಗಸೋ ಕಿಣ್ವಾನೂ ಇರ್ತದ. ಕೆಳಗಿನ ಗಡ್ಡಿ ತಡಾ ಮಾಡಾಕ ಟೈಮ ಸಿಗಂಗಿಲ್ಲ. ರೈತರು ರಾಶಿ ಹಾಕದ ಮತ್ತೇನ್ ಮಾಡ್ತಾರ್ರಿ?"

ಅಮರಗುಂಡಪ್ಪನವರು ಒಂದು ಹೂವಿನ ದಂಟನ್ನು ಹಿಡಿದು ನೋಡುತ್ತ ಕೂತರು. ಜೇನುನೊಣವೊಂದು ಅವರ ಬೆರಳ ಮೇಲೆ ನಡೆದು ಹೋಯಿತು.

"ನೀ ಯಾಕ ಎರಡ ಸಲ ತೊಳೀತಿದ್ದಿ?"

"ಸ್ವಚ್ಛ ಇರಲಿ ಅಂತ್ರಿ."

ಅವರು ದಂಟು ಬಿಟ್ಟು ಎದ್ದು ಹೂವಿನ ಸಾಲಿನೊಳಗೆ ನಡೆದರು. ಬೈದಿದ್ದರೆ ಹಗುರಾಗುತ್ತಿತ್ತು.

ಲಿಂಗಸುಗೂರಿನ ಸಭೆಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದರು, ಬೇರೆ ಬೇರೆ ಸೀಟಿನಲ್ಲಿ. ಸಭೆಯಲ್ಲಿ ಚಹಾ ಬಂದಿತು, ಭತ್ತದ ವಿಷಯ ಮುಗಿಯಿತು, ಸೂರ್ಯಕಾಂತಿಯದು ಮುಗಿಯಿತು. ಈರುಳ್ಳಿಯ ಸರದಿ ಬಂದಾಗ ಅಧ್ಯಕ್ಷರು ಅಮರಗುಂಡಪ್ಪನವರ ಕಡೆ ನೋಡಿ ನಕ್ಕರು. ಒಳ್ಳೆಯದನ್ನೇ ಕೇಳಲಿದ್ದೇವೆ ಎಂಬ ನಗು. ಶಾಕೀರಾ ಎದ್ದು ನಿಂತಳು. ತನ್ನ ಪರೀಕ್ಷೆಯ ಕ್ರಮ ತಪ್ಪಾಗಿತ್ತು, ತೆಳು ಹನಿಯಲ್ಲಿ ಬ್ಯಾಕ್ಟೀರಿಯಾ ಸುಮ್ಮನಿರುತ್ತವೆ, ದಟ್ಟವಾದರೆ ಏಳನೇ ತಳಿಯೂ ಉಳಿದವುಗಳಂತೆ ಕೊಳೆಯುತ್ತದೆ, ಹಿಂದೆ ಕೊಟ್ಟ ಅಭಿಪ್ರಾಯವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದಳು.

ಯಾರೋ ಕೇಳಿದರು, "ಇಷ್ಟು ವರ್ಷ ಏನ್ ಮಾಡಾಕತ್ತಿದ್ರಿ ಹಂಗಾರ?"

ಅವಳು ಕೈಯಲ್ಲಿದ್ದ ಕಾಗದ ಮಡಚಿದಳು. ಅಧ್ಯಕ್ಷರು ಕೇಳಿದರು, "ಅಮರಗುಂಡಪ್ಪನವರೇ, ನೀವೇನಂತೀರಿ?"

ಅವರು ಮುಂದಿದ್ದ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದರು. ಫ್ಯಾನು ಕಿರುಗುಡುತ್ತಿತ್ತು. ಶಾಕೀರಾ ತನ್ನ ಕಾಲಬೆರಳು ನೋಡುತ್ತ ನಿಂತಳು.

"ನಾ ಟ್ರೇ ನೋಡೀನಿ," ಎಂದರು ಕೊನೆಗೆ. "ಆಕಿ ಹೇಳೂದು ಖರೇ ಅದ. ಮುಂದಿನ ವಿಷಯ ತಗೋರಿ."

ಅವರು ಪ್ರಯೋಗಾಲಯಕ್ಕೆ ಬಂದದ್ದನ್ನು ಅವಳು ಕಂಡಿರಲಿಲ್ಲ. ತಾನಿಲ್ಲದ ಹೊತ್ತಿನಲ್ಲಿ ಬಂದು ಒಬ್ಬರೇ ಮೂಸಿ ನೋಡಿ ಹೋಗಿರಬೇಕು.

ತಿರುಗಿ ಬರುವಾಗ ಬಸ್ಸಿನಲ್ಲಿ ಗಂಡಸರ ಸೀಟು ತುಂಬಿತ್ತು. ಅವರು ಅವಳ ಪಕ್ಕವೇ ಕೂರಬೇಕಾಯಿತು. ಬಸ್ಸು ಮಸ್ಕಿ ದಾಟಿತು.

"ಎಷ್ಟ ಕೂಡಬೇಕು ಅವು, ಏಳಾಕ?" ಎಂದರು ಕಿಟಕಿ ನೋಡುತ್ತ.

"ಇಷ್ಟ ಅಂತ ಹೇಳಾಕ ಬರಂಗಿಲ್ರಿ. ಜಾಗಾ ಇಕ್ಕಟ್ಟಿದ್ರ ಸೂಚನಾ ಚದುರಂಗಿಲ್ಲ. ಅಲ್ಲಿ ಕಡಿಮಿ ಇದ್ರೂ ಸಾಕಾಗ್ತದ."

"ಹ್ಞೂಂ." ಇನ್ನಷ್ಟು ದೂರ ಹೋದ ಮೇಲೆ, "ನಾಳೆ ಬೀಜದ ಮಡಿ ಕೀಳಸ್ತೀನಿ. ನೀ ಆ ಕಡೆ ಬರಬ್ಯಾಡ."

"ಬರ್ತೀನ್ರಿ ಸರ್."

"ಬರಬ್ಯಾಡ ಅಂದೆ, ತಂಗಿ."

ಮರುದಿನ ಅವಳು ಹೋಗಲಿಲ್ಲ. ಪ್ರಯೋಗಾಲಯದಲ್ಲಿ ಗಾಜಿನ ನಳಿಗೆಗಳನ್ನು ಒಂದೊಂದಾಗಿ ಕುದಿನೀರಿಗೆ ಹಾಕುತ್ತ ಕೂತಳು. ಹೆಣ್ಣಾಳುಗಳ ಮಾತು, ದಂಟು ಕಿತ್ತು ಎಸೆಯುವ ಸಪ್ಪಳ ಮಧ್ಯಾಹ್ನದವರೆಗೂ ಕೇಳುತ್ತಿತ್ತು. ಆಮೇಲೆ ನಿಂತಿತು. ಅವಳು ಇನ್ನೂ ಸ್ವಲ್ಪ ಹೊತ್ತು ಕಾದು ಹಿಂಬಾಗಿಲಿಗೆ ಬಂದಳು.

ಮಡಿ ಬಯಲಾಗಿತ್ತು. ಅಂಚಿನಲ್ಲಿ ಎರಡು ಸಾಲು ಮಾತ್ರ ಬಿಳಿ ಹೂವು ಹೊತ್ತು ನಿಂತಿದ್ದವು. ಅಮರಗುಂಡಪ್ಪನವರು ಮೊಣಕಾಲೂರಿ ಕೂತು, ಹೂವಿನ ಚೆಂಡುಗಳಿಗೆ ಒಂದೊಂದಾಗಿ ಮಸ್ಲಿನ್ ಬಟ್ಟೆಯ ಚೀಲ ಕಟ್ಟುತ್ತಿದ್ದರು. ಬೇರೆ ತಳಿಯ ಪರಾಗ ಸೇರದಂತೆ ಕಟ್ಟುವ ಚೀಲ. ಕೊಳೆಯಲು ತಡ ಮಾಡುವ ಆ ಒಂದು ಗುಣ ಮುಂದೆ ಬೇರೆ ತಳಿಗೆ ಕೂಡಿಸಲು ಬೇಕಾದೀತು ಎಂದಿರಬೇಕು. ಆ ಬೀಜ ಒಣಗುವ ಹೊತ್ತಿಗೆ ಅವರು ಇಲ್ಲಿ ಇರುವುದಿಲ್ಲ.

ಅವರ ಕೈಯಲ್ಲಿ ದಾರ ಸರಿಯಾಗಿ ಗಂಟು ಬೀಳುತ್ತಿರಲಿಲ್ಲ. ಶಾಕೀರಾ ಹೋಗಿ ಸಾಲಿನ ಇನ್ನೊಂದು ತುದಿಯಿಂದ ಕಟ್ಟತೊಡಗಿದಳು. ಅವರು ತಲೆ ಎತ್ತಿ ನೋಡಿದರು. ಹೋಗು ಎನ್ನಲಿಲ್ಲ.