ಬಾಗಿಲ ಕಡೆಯ ಅರ್ಧ

ಏಳನೇ ಸಲವೂ ಹಾಗೇ ಆಯಿತು. ಭೌತಶಾಸ್ತ್ರದ ಮೇಡಂ ಕಾರಿಡಾರಿನ ನೆಲದ ಮೇಲೆ ಕೂತು ಹಣೆ ಚಚ್ಚಿಕೊಂಡರು.

ಬಾಗಿಲಿಂದ ಎದುರು ಗೋಡೆಯವರೆಗೆ ಉದ್ದನೆಯ ಸ್ಪ್ರಿಂಗು ಬಿಗಿದಿತ್ತು. ನಟ್ಟನಡುವೆ ಮೂರು ಗೂಟದ ಹಲಗೆ ಇಟ್ಟರೆ ಸ್ಪ್ರಿಂಗು ಪಕ್ಕಕ್ಕೆ ಒಂದು ಗೇಣು ಉಬ್ಬಿ ನಿಲ್ಲುತ್ತದೆ. ಹಲಗೆಯನ್ನು ಫಕ್ಕನೆ ಮೇಲೆತ್ತಿದರೆ ಉಬ್ಬು ಎರಡಾಗಿ, ಒಂದು ಬಾಗಿಲ ಕಡೆಗೆ, ಇನ್ನೊಂದು ಗೋಡೆ ಕಡೆಗೆ ಓಡಬೇಕು. ಎರಡೂ ಅರ್ಧರ್ಧ ಗೇಣು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ. ತುದಿ ಮುಟ್ಟಿ, ಮಗುಚಿಕೊಂಡು ಅವು ಹಿಂದಿರುಗುತ್ತವೆ. ನಾಳೆ ಮಕ್ಕಳಿಗೆ ತೋರಿಸಬೇಕಾದದ್ದು ಇಷ್ಟೇ. ಆದರೆ ಬಾಗಿಲ ಕಡೆಯದು ಪ್ರತಿ ಸಲವೂ ದೊಡ್ಡದಾಗುತ್ತಿತ್ತು.

"ಬಾಗಿಲ ಕೊಕ್ಕೆ ಸಡಿಲ ಇದೆ," ಎಂದರು ಮೇಡಂ.

"ಮೂರು ಸಲ ಬಿಗಿದೆ ಮೇಡಂ. ಇನ್ನು ಬಿಗಿದ್ರೆ ಬಾಗ್ಲೇ ಕಿತ್ಕೊಂಡು ಬರುತ್ತೆ," ಎಂದ ಅಟೆಂಡರ್. ಕುಣಿಯಲಾರದವರಿಗೆ ನೆಲ ಡೊಂಕು ಎನ್ನುವ ಮಾತು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಪುಣ್ಯಾತ್ಮ, ನುಂಗಿಕೊಂಡ.

ಆ ಹಲಗೆ ಮಾಡಿದವರು ಮೇಡಂ ಗಂಡ. ಇದೇ ವಿಭಾಗದ ಮೇಷ್ಟ್ರು. ಆಗ ಇಬ್ಬರೂ ಒಂದೊಂದು ತುದಿ ಹಿಡಿದು ಎತ್ತುತ್ತಿದ್ದರು. ಮೂರು ವರ್ಷದ ಹಿಂದೆ ಕಡ್ಡಿಯಷ್ಟಿದ್ದ ಜಗಳ ಗುಡ್ಡವಾಯಿತು. ಅವರು ಬೇರೆ ಊರಿಗೆ ವರ್ಗ ಮಾಡಿಸಿಕೊಂಡರು. "ಕರೆದ್ರೆ ಬರ್ತೀನಿ" ಎಂದು ಇದೇ ಬಾಗಿಲು ದಾಟಿದ್ದರು. ಮೇಡಂ ಕರೆಯಲಿಲ್ಲ. ಕರೆಯಬೇಕು ಅಂತ ಜೀವ ಹಾತೊರೆಯದ ದಿನವೂ ಇರಲಿಲ್ಲ.

"ಈ ಸಲ ಫೋನಲ್ಲಿ ನಿಧಾನಗತಿ ವಿಡಿಯೋ ತೆಗ್ದಿದ್ದೆ, ನೋಡಿ," ಎಂದ ಅಟೆಂಡರ್.

ಮೇಡಂ ನೋಡಿದರು. ಹಲಗೆ ನೆಟ್ಟಗೆ ಮೇಲೇಳುತ್ತಿರಲಿಲ್ಲ. ಏಳುವ ಮುನ್ನ ಬಾಗಿಲ ಕಡೆಗೆ ಜಾರುತ್ತಿತ್ತು, ಉಬ್ಬನ್ನೂ ಎಳೆದುಕೊಂಡು. ನಿಂತಲ್ಲಿಂದ ಬಿಟ್ಟರೆ ತಾನೇ ಸಮಪಾಲು? ಓಡುತ್ತಿರುವಾಗ ಬಿಟ್ಟರೆ ಓಡುವ ಕಡೆಯದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಮ್ಮಿ. ಕೊಕ್ಕೆಯದೇನೂ ತಪ್ಪಿರಲಿಲ್ಲ.

"ಎತ್ತೋವಾಗೆಲ್ಲ ನೀವು ಬಾಗ್ಲು ನೋಡ್ತೀರ ಮೇಡಂ," ಎಂದ ಅಟೆಂಡರ್ ಮೆಲ್ಲಗೆ. "ಇನ್ನೊಂದು ತುದಿ ನಾನು ಹಿಡೀಲಾ?"

"ಬೇಡ."

ಮೂರು ವರ್ಷ ತಾನು ಅಲುಗಾಡದೆ ಕೂತಿದ್ದೇನೆ ಎಂದುಕೊಂಡಿದ್ದರು. ಕೈಗೆ ಮಾತ್ರ ಆ ಬಿಗುಮಾನ ಗೊತ್ತಿರಲಿಲ್ಲ. ಕಣ್ಣು ತುಂಬಿ ಬಂತು. ಸೆರಗಿನಲ್ಲಿ ಒರೆಸಿಕೊಂಡು ನಂಬರು ಒತ್ತಿದರು.

"ಹಲೋ," ಎಂದಿತು ಆ ದನಿ.

"ನಾಳೆ ಸ್ಪ್ರಿಂಗಿನ ಪಾಠ. ಹಲಗೆ ಎತ್ತೋಕೆ ಒಬ್ಬಳ ಕೈಲಿ ಆಗ್ತಿಲ್ಲ."

"ಅಟೆಂಡರ್ ಇದ್ದಾನಲ್ಲ?"

"ಇದ್ದಾನೆ," ಎಂದರು ಮೇಡಂ. "ನೀವು ಬನ್ನಿ."