ದುಂಡನೆಯ ಗೀರು

ರಿಪೇರಿ ಅಂಗಡಿಯ ಹೊಸ್ತಿಲು ದಾಟುವಷ್ಟರಲ್ಲಿ ಸಾಧುವಿಗೆ ಅಣ್ಣನಿಂದ ಮೂರನೇ ಏಟು ಬಿದ್ದಿತ್ತು. ತುಟಿ ಒಡೆದು ರಕ್ತ ಅಂಗಿಯ ಮೇಲೆ ಇಳಿಯಿತು. ಇಪ್ಪತ್ತಾರು ವರ್ಷದ ಗಟ್ಟಿ ಆಳು, ಲೇತ್ ಮಷಿನ್ನಿನಲ್ಲಿ ಕಬ್ಬಿಣ ಕಡೆಯುವವನು, ಅಣ್ಣನ ಮುಂದೆ ಮಾತ್ರ ತುಟಿ ಪಿಟಿಕ್ಕೆನ್ನುತ್ತಿರಲಿಲ್ಲ. ಸಾಧು ಎಂದು ಹೆಸರಿಟ್ಟು ಕೂಗಿದವನೂ ಅಣ್ಣನೇ. ಹೊಡೆಯಲು ಅನುಕೂಲವಾದ ಹೆಸರು!

ಅಣ್ಣ ಗೇಮ್ ಕನ್ಸೋಲನ್ನು ರಿಪೇರಿ ಮಾಡುವ ಹೆಂಗಸಿನ ಮೇಜಿನ ಮೇಲೆ ಕುಕ್ಕಿದ. ಬಸ್ ಓಡಿಸುವವನು, ದಿನವಿಡೀ ಜನರ ಮೇಲೆ ಹಲ್ಲು ಕಡಿದು ಬಂದು ಮನೆಯಲ್ಲಿ ಫುಟ್‌ಬಾಲ್ ಆಟಕ್ಕೆ ಕೂರುತ್ತಿದ್ದ.

"ನೋಡಿ ಅಕ್ಕ, ಸೋಮವಾರದಿಂದ ಡಿಸ್ಕ್ ಹಾಕಿದ್ರೆ ಓದಲ್ಲ. ಇವನು ಗ್ರೀಸ್ ಕೈಯಲ್ಲಿ ಮುಟ್ಟಿ ಹಾಳು ಮಾಡಿದಾನೆ. ನೀವು ಹೌದು ಅನ್ನಿ ಸಾಕು, ಇವತ್ತೇ ಇವನ ಗಂಟುಮೂಟೆ ಹೊರಗೆ."

"ನಾ ಮುಟ್ಟಿಲ್ಲಣ್ಣ," ಎಂದ ಸಾಧು. ನಾಲ್ಕನೇ ಏಟು ಬಿತ್ತು.

ಹೆಂಗಸು ಸ್ಕ್ರೂಡ್ರೈವರ್ ಎತ್ತಿ ಹಿಡಿದಳು. "ನನ್ನ ಅಂಗಡೀಲಿ ಕೈ ಕಟ್ಕೊಂಡು ನಿಲ್ಲಬೇಕು. ಗೊತ್ತಾಯ್ತಾ?"

ಸಾಧು ತುಟಿಯ ರಕ್ತ ಒರೆಸಿಕೊಂಡ. ಬೀದಿಗೆ ಬಿದ್ದರೆ ಎಲ್ಲಾದರೂ ಒಂದು ಕೋಣೆ ಸಿಗುತ್ತದೆ, ಆದರೆ ಅತ್ತಿಗೆ ಆ ಮನೆಯಲ್ಲಿ ಒಬ್ಬಳೇ ಉಳಿಯುತ್ತಾಳೆ. ಭಾನುವಾರ ಬಚ್ಚಲಲ್ಲಿ ಜಾರಿ ಬಿದ್ದು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡವಳು.

ಹೆಂಗಸು ತನ್ನದೊಂದು ಹೊಸ ಡಿಸ್ಕನ್ನು ಅಣ್ಣನ ಕನ್ಸೋಲಿಗೆ ಹಾಕಿದಳು. ತಡವರಿಸಿ ತಡವರಿಸಿ ಕೊನೆಗೂ ಓದಿತು. "ಡ್ರೈವ್ ಸತ್ತಿಲ್ಲ. ಲೆನ್ಸ್ ಮೇಲೆ ಧೂಳಿರಬೇಕು."

ವೈರ್ ಕಿತ್ತು, ಮುಚ್ಚಳ ಬಿಚ್ಚಿ, ಸ್ಪಿರಿಟ್ ಅದ್ದಿದ ಹತ್ತಿಕಡ್ಡಿಯಿಂದ ಕಡಲೆಕಾಳಿನಷ್ಟು ದೊಡ್ಡ ಲೆನ್ಸನ್ನು ಒತ್ತದೆ ಒರೆಸಿದಳು. ಹತ್ತಿ ಬೂದಿಯ ಬಣ್ಣಕ್ಕೆ ತಿರುಗಿತು. ಆರಲು ಬಿಟ್ಟು ಮತ್ತೆ ಹಾಕಿದರೆ ಅದೇ ಡಿಸ್ಕ್ ಥಟ್ಟನೆ ಓದಿ ಆಟ ಶುರುವಾಯಿತು. ಹತ್ತು ನಿಮಿಷ ಬಿಟ್ಟರೂ ನಿಲ್ಲಲಿಲ್ಲ, ಮೋಟಾರಿನಿಂದ ಕಟಕಟ ಶಬ್ದವೂ ಬರಲಿಲ್ಲ.

"ಲೆನ್ಸೂ ಸರಿ, ಡ್ರೈವೂ ಸರಿ. ಈಗ ನಿಮ್ಮ ಡಿಸ್ಕ್ ಕೊಡಿ."

ಅದನ್ನು ಅಣ್ಣನ ಕನ್ಸೋಲ್ ಓದಲಿಲ್ಲ. ಅವಳ ಕನ್ಸೋಲೂ ಓದಲಿಲ್ಲ. ಮೆತ್ತನೆಯ ಬಟ್ಟೆಯಿಂದ ಒರೆಸಿ ಹಾಕಿದರೂ ಅದೇ ಹಾಡು.

"ಹೇಳಲಿಲ್ವಾ ನಾನು!" ಅಣ್ಣ ಸಾಧುವಿನ ಕೂದಲು ಹಿಡಿದು ಮುಖವನ್ನು ಮೇಜಿಗೆ ಜಜ್ಜಿದ. ಮೂಗಿನಿಂದ ಬಿಸಿಯಾಗಿ ರಕ್ತ ಚಿಮ್ಮಿತು.

"ಬಿಡ್ರೀ ಅವನನ್ನ!" ಅವಳು ಡಿಸ್ಕನ್ನು ದೀಪದಡಿ ಹಿಡಿದಳು. "ಇಲ್ನೋಡಿ. ಗ್ರೀಸ್ ಆಗಿದ್ರೆ ಒರೆಸಿದಾಗ್ಲೇ ಹೋಗ್ತಿತ್ತು. ಈ ಸಣ್ಣ ಅಡ್ಡಗೀರು ಕೈಯಿಂದ ಆಗೋದು, ಅದನ್ನ ಕನ್ಸೋಲ್ ಲೆಕ್ಕಕ್ಕೇ ಇಡಲ್ಲ. ಓದೋಕೆ ಬಿಡದೆ ಇರೋದು ಈ ಆಳವಾದ ಗೀರು. ಬಳೆ ಥರ ಪೂರ್ತಿ ಸುತ್ತು ಬಂದಿದೆ. ಕೈಯಲ್ಲಿ ಇಷ್ಟು ದುಂಡಗೆ ಗೀರೋಕೆ ಯಾರಿಂದ್ಲೂ ಆಗಲ್ಲ. ಒಳಗೆ ಡಿಸ್ಕ್ ತಿರುಗ್ತಿರುವಾಗ ಕನ್ಸೋಲ್ ಉರುಳಿದೆ. ಮೂಲೇಲಿ ಪ್ಲಾಸ್ಟಿಕ್ಕೂ ಬಿರುಕು ಬಿಟ್ಟಿದೆ."

ಅಣ್ಣನ ಕೈ ಸಡಿಲವಾಯಿತು. ಅವಳು ಅಣ್ಣನ ಕನ್ಸೋಲಿನಲ್ಲಿ ಯಾವ ಆಟ ಯಾವಾಗ ಆಡಿದ್ದೆಂಬ ದಾಖಲೆಯನ್ನು ಪರದೆಯ ಮೇಲೆ ತೆರೆದಳು. "ನಿಮ್ಮ ಫುಟ್‌ಬಾಲ್ ಆಟ ಕೊನೆ ಸಲ ಆಡಿದ್ದು ಭಾನುವಾರ, ಸಂಜೆ ನಾಲ್ಕೂ ಹತ್ತಕ್ಕೆ. ಆಗ ಮನೇಲಿ ಯಾರಿದ್ರಿ?"

ಭಾನುವಾರ ಸಂಜೆ ಸಾಧು ಎರಡನೇ ಪಾಳಿಯಲ್ಲಿದ್ದ. ಐದಕ್ಕೆ ಫೋನ್ ಬಂದಿತ್ತು, ಅತ್ತಿಗೆ ಆಸ್ಪತ್ರೆಯಲ್ಲಿದ್ದಾಳೆಂದು. ಅವನು ಅಣ್ಣನತ್ತ ತಿರುಗಿದ.

"ಅತ್ತಿಗೆ ಬಚ್ಚಲಲ್ಲಿ ಬೀಳಲಿಲ್ಲ. ನೀನು ಅವರನ್ನ ಕನ್ಸೋಲ್ ಇಟ್ಟಿದ್ದ ಟಿವಿ ಸ್ಟ್ಯಾಂಡ್ ಮೇಲೆ ತಳ್ಳಿದೆ."

"ಆಟದ ಮಧ್ಯ ಬಂದು ಎದುರಿಗೆ ನಿಂತ್ರೆ..." ಎಂದ ಅಣ್ಣ. ಅಷ್ಟೇ ಹೇಳಿದ. ಮಾತು ಬಾಯಿಂದ ಜಾರಿತ್ತು, ಅದನ್ನು ನುಂಗಲು ಮುಷ್ಟಿ ಎತ್ತಿದ.

ಸಾಧು ಆ ಮುಷ್ಟಿಯನ್ನು ಗಾಳಿಯಲ್ಲೇ ಹಿಡಿದ. ಕಬ್ಬಿಣ ಹಿಡಿದು ಹಿಡಿದು ಗಟ್ಟಿಯಾದ ಕೈ ಅದು. ಅದರ ಬಲ ಎಷ್ಟೆಂದು ಅವನಿಗೇ ಇದುವರೆಗೆ ಗೊತ್ತಿರಲಿಲ್ಲ. ಮಣಿಕಟ್ಟು ತಿರುಚಿದ, ಅಣ್ಣ ಕಿರುಚಿ ಮಂಡಿಯೂರಿದ. ಸಾಧು ಇನ್ನೊಂದು ಕೈಯಿಂದ ಅವನ ದವಡೆಗೆ ಬಾರಿಸಿದ. ಹಲ್ಲೊಂದು ಬಿಚ್ಚಿಟ್ಟ ಸ್ಕ್ರೂಗಳ ನಡುವೆ ಬಂದು ಬಿತ್ತು. ಮತ್ತೊಂದು ಏಟು, ಇನ್ನೊಂದು. ಸಾಧುವಿಗೆ ನಾಚಿಕೆಯಾಗಲಿಲ್ಲ, ಹಿತವಾಯಿತು. ಹಿತವಾಗಿದ್ದು ತಿಳಿದಾಗ ಹೆದರಿ ಕೈ ಬಿಟ್ಟ.

"ಹೋಗು, ಇವನನ್ನ ನಾನು ನೋಡ್ಕೋತೀನಿ. ಪೊಲೀಸರಿಗೆ ಈಗಲೇ ಫೋನ್ ಮಾಡ್ತೀನಿ," ಎಂದಳು ಹೆಂಗಸು. "ನೀನು ಹೊಡೆದಿದ್ದನ್ನೂ ಹೇಳ್ತೀನಿ, ತಿಳ್ಕೋ."

"ಹೇಳಿ ಅಕ್ಕ."

ಸಾಧು ಡಿಸ್ಕನ್ನು ಜೇಬಿಗೆ ಹಾಕಿಕೊಂಡು ಮನೆಗೆ ಓಡಿದ.

ಬಾಗಿಲು ತೆರೆದ ಅತ್ತಿಗೆ ಅವನ ಮುಖ ನೋಡಿದಳು. ಆ ಮನೆಯಲ್ಲಿ ರೂಢಿಯಾದ ಮಾತು ತಾನಾಗಿ ಬಂತು.

"ಅಯ್ಯೋ, ಎಲ್ಲಿ ಜಾರಿ ಬಿದ್ಯೋ?"

"ಬೀಳಲಿಲ್ಲ ಅತ್ತಿಗೆ. ಅಣ್ಣ ಹೊಡೆದ." ಅವನು ಡಿಸ್ಕನ್ನು ಅವಳ ಮುಂದೆ ಹಿಡಿದ. "ನೀವೂ ಬೀಳಲಿಲ್ಲ. ಈ ಗೀರೇ ಹೇಳ್ತಿದೆ."

ಅವಳು ಆ ದುಂಡನೆಯ ಗೀರನ್ನು ಬೆರಳಿಂದ ಒಂದು ಸುತ್ತು ಸವರಿದಳು.

"ಹೂಂ," ಎಂದಳು. "ಬೀಳಲಿಲ್ಲ."

ಆಮೇಲೆ ಅವನನ್ನು ಒಳಗೆಳೆದುಕೊಂಡು, ಪ್ಲಾಸ್ಟರ್ ಇಲ್ಲದ ಕೈಯಿಂದ ಬಾಗಿಲಿನ ಚಿಲಕ ಹಾಕಿದಳು.